ಖೊಟ್ಟಿ ಫೋಟೋಕ್ಕೂ ಕೇಸ್ ನಿಲ್ತೈತಿ, ಮೊದಲ ಆ ಮೆಸೇಜ್ ಉಳಿಸ್ಕೊರಿ

ಪ್ರಶ್ನೆ: ವಕೀಲಕ್ಕಾರ, ನಾ ಜಮಖಂಡಿ ಕಡ್ಯಾಂವ. ತಂಗಿಗೆ 22, ಎಂಗೇಜ್‌ಮೆಂಟ್ ಆಗಿ ತಿಂಗಳಾತು. ಮೊನ್ನೆ ಯಾವನೋ ಅಕಿ ಮುಖ ತಗೊಂಡು ಎಐನ್ಯಾಗ ಬತ್ತಲೆ ಫೋಟೋ ಮಾಡಿ, ಗೊತ್ತಿಲ್ಲದ ನಂಬರಿಂದ ಗಂಡಿನ ಅಕ್ಕನ ವಾಟ್ಸಾಪಿಗೆ ಕಳಿಸ್ಯಾನ, ಕೆಳಗ "ಈ ಸಂಬಂಧ ಬಿಡ್ರಿ, ಇಲ್ಲಂದ್ರ ಊರ ತುಂಬ ಹಂಚ್ತೇನಿ" ಅಂತ ಬರದಾನ. ಇನ್‌ಸ್ಟಾದಾಗೂ ಅಕಿ ಹೆಸರ್ಲೆ ಒಂದು ಐಡಿ ಮಾಡಿ ಅದ ಫೋಟೋ ಹಾಕ್ಯಾನ. ನಮಗ ಓಣಿ ಹುಡುಗನ ಮ್ಯಾಲ ಡೌಟ್ ಐತಿ. ಹಿರ್ಯಾರು ಕುಂತು ಬಗಿಹರಿಸೂಣು ಅಂತಾರ. ಫೋಟೋನ ಖೊಟ್ಟಿ ಇದ್ದ ಮ್ಯಾಲ ಕೇಸ್ ನಿಲ್ತೈತೇನ್ರಿ? ಅದು ಅಕಿ ಅಲ್ಲ ಅಂತ ನಾವ ಪ್ರೂವ್ ಮಾಡಬೇಕೇನು?

ಉತ್ತರ:

ಕೇಸ್ ನಿಲ್ತೈತಿ. ಆದ್ರ ಅದ್ಕಿಂತ ಮೊದಲ ಒಂದು ಕೆಲಸ ಐತಿ, ಈ ಉತ್ತರ ಪೂರ್ತಿ ಓದೂಕಿಂತ ಮುಂಚೆ ಅದನ್ನ ಮಾಡ್ರಿ. ಗಂಡಿನ ಅಕ್ಕಗ ಫೋನ್ ಹಚ್ಚಿ ಆ ಮೆಸೇಜ್ ಡಿಲೀಟ್ ಮಾಡಬ್ಯಾಡ್ರಿ, ಆ ನಂಬರ್ ಬ್ಲಾಕೂ ಮಾಡಬ್ಯಾಡ್ರಿ ಅಂತ ಹೇಳ್ರಿ. ನಿಮ್ಮ ಕೇಸಿನ ಜೀವ ಇರೂದು ನಿಮ್ಮ ತಂಗಿ ಫೋನಿನ್ಯಾಗ ಅಲ್ಲ, ಅವರ ಫೋನಿನ್ಯಾಗ, ಯಾಕಂದ್ರ ಫೋಟೋ ಬಂದು ಬಿದ್ದಿದ್ದು ಅಲ್ಲಿ. ಕಳಿಸಿದಾಂವ ಆ ಚಾಟಿಗೆ ಟೈಮರ್ ಹಚ್ಚಿದ್ರ ಮೆಸೇಜ್ ತಾನ ಮಾಯ ಆಗ್ತೈತಿ, ಅದು 24 ತಾಸಿಂದೂ ಇರಬಹುದು, ಏಳು ದಿನದ್ದೂ ಇರಬಹುದು. ಮ್ಯಾಲ ಎಲ್ಲಾರಿಗೂ ಡಿಲೀಟ್ ಅಂತ ಅವ ಒತ್ತೂದೂ ಐತಿ. ಅದಕ್ಕ ಇವತ್ತ ರಾತ್ರಿನ ಇನ್ನೊಂದು ಫೋನ್ ತಗೊಂಡು ಆ ಸ್ಕ್ರೀನಿನ ವಿಡಿಯೋ ಮಾಡ್ಲಿ, ನಡುವ ಬಂದ್ ಮಾಡದ ಒಂದ ಸಲ. ಚಾಟ್ ತಗಿಬೇಕು, ಮ್ಯಾಲ ಹೆಸರಿನ ಮ್ಯಾಲ ಒತ್ತಿ ಪೂರ್ತಿ ನಂಬರ್ ಕಾಣಂಗ ಮಾಡಬೇಕು, ವಾಪಸ್ ಬಂದು ಆ ಫೋಟೋ, ಅದರ ಟೈಮು, ಕೆಳಗಿನ ಧಮ್ಕಿ ಮಾತು ಎಲ್ಲಾ ಕಾಣಬೇಕು. ಭಾಳ ಮಂದಿ ಬರೇ ಫೋಟೋದ ಸ್ಕ್ರೀನ್‌ಶಾಟ್ ತಗೊಂಡು ಬರ್ತಾರ, ನಂಬರ್ ಎಲ್ಲೈತ್ರಿ ಅಂದ್ರ ಇಲ್ಲ, ಟೈಮ್ ಇಲ್ಲ. ಅಂಥಾದ್ರಿಂದ ಯಾರ ಕಳಿಸಿದ್ರು ಅಂಬೂದ ತೋರಸಾಕ ಬರೂದಿಲ್ಲ.

ಇನ್ನೊಂದು ಸಣ್ಣ ಗುರುತು ನೋಡ್ರಿ. ಆ ಮೆಸೇಜಿನ ಮ್ಯಾಲ ಫಾರ್ವರ್ಡೆಡ್ ಅಂತ ಬಾಣದ ಗುರುತು ಐತೋ ಇಲ್ಲೋ. ಇದ್ರ ಅದು ಬ್ಯಾರೆ ಚಾಟಿನಿಂದ ದಾಟಿ ಬಂದೈತಿ, ಅಂದ್ರ ಈ ಫೋಟೋ ಈಗಾಗಲೇ ಇನ್ನೊಬ್ಬರ ಕೈಯಾಗೂ ಇರಬಹುದು. ಇಲ್ಲಂದ್ರ ಅವ ತನ್ನ ಗ್ಯಾಲರಿಯಿಂದ ಹಾಕಿರಬಹುದು. ಇದು ಪುರಾವೆ ಏನಲ್ಲ, ಆದ್ರ ತನಿಖೆ ಎತ್ತಾಗ ಹೋಗಬೇಕು ಅಂಬೂದಕ್ಕ ಉಪಯೋಗ ಆಗ್ತೈತಿ.

ಈಗ ನಿಮ್ಮ ಪ್ರಶ್ನೆಗೆ ಬರೂಣು. "ಅದು ಅಕಿ ಅಲ್ಲ, ಖೊಟ್ಟಿ ಐತಿ" ಅಂಬೂ ಮಾತು ಬೀಗರಿಗೆ ಹೇಳಾಕ ಬೇಕು, ಆದ್ರ ಕಾನೂನಿನ್ಯಾಗ ಅದು ಎಲ್ಲಾ ಸೆಕ್ಷನ್ನಿಗೂ ಬೇಕಾಗಂಗಿಲ್ಲ. ಐಟಿ ಕಾಯ್ದೆ 67 ಏನ್ ಹೇಳ್ತೈತಿ ಅಂದ್ರ, ಅಶ್ಲೀಲ ಇದ್ದಿದ್ದನ್ನ ಎಲೆಕ್ಟ್ರಾನಿಕ್ ರೂಪದಾಗ ಪ್ರಕಟ ಮಾಡಿದ್ರ ಅಥವಾ ಕಳಿಸಿದ್ರ ಅಪರಾಧ, ಮೊದಲನೇ ಸಲಕ್ಕ ಮೂರು ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಫೋಟೋ ಖರೇನೋ ಖೊಟ್ಟಿನೋ ಅಂತ ಆ ಸೆಕ್ಷನ್ ಕೇಳಂಗ ಇಲ್ಲ. ಒಬ್ಬರಿಗೆ ಕಳಿಸಿದ್ರೂ ಕಳಿಸಿದಂಗ ಆತು, ಊರಿಗೆಲ್ಲಾ ಹಂಚಬೇಕಂತಿಲ್ಲ. ಅಂದ್ರ ಮೂಲ ಅಪರಾಧಕ್ಕ ನಿಮ್ಮ ತಂಗಿ ಏನೂ ಪ್ರೂವ್ ಮಾಡೂದು ಇಲ್ಲ, ಕಳಿಸಿದಾಂವ ಯಾರು ಅಂಬೂದನ್ನ ಪೊಲೀಸ್ರು ಪ್ರೂವ್ ಮಾಡಬೇಕು. ಇದು ತಿಳೀಲಾರದ ಮನಿಮಂದಿ ಮೊದಲ ನಾಲ್ಕು ದಿನ ಇದು ಎಐ ಐತಿ ಎಐ ಐತಿ ಅಂತ ಸಂಬಂಧಿಕರಿಗೆಲ್ಲಾ ಆ ಫೋಟೋನ ಕಳಿಸಿ ತೋರಸ್ಕೊಂತ ಹೋಗ್ತಾರ. ದಯವಿಟ್ಟು ಬ್ಯಾಡ. ಹಂಗ ಕಳಿಸೂದೂ ಕಳಿಸಿದಂಗ ಅಲ್ಲೇನ್ರಿ, ಒಳ್ಳೇ ಮನಸ್ಸಿಲೆ ಕಳಿಸಿದ್ರೂ ಫೋಟೋ ಮತ್ತ ಹತ್ತು ಫೋನಿನ್ಯಾಗ ಹೋಗಿ ಕುಂದ್ರತೈತಿ.

67 ಅಂದ್ರ 67ಎ ಅಲ್ಲ, ಇದನ್ನ ತಿಳ್ಕೊರಿ. 67ಎ ಲೈಂಗಿಕ ಕ್ರಿಯೆ ತೋರಸೂ ಚಿತ್ರಕ್ಕ, ಐದು ವರ್ಷದ ತನಕ ಶಿಕ್ಷೆ, ಜಾಮೀನು ಸರಳ ಸಿಗಂಗಿಲ್ಲ. ಬರೇ ಬತ್ತಲೆ ನಿಂತಂಗ ಮಾಡಿದ ಫೋಟೋಕ್ಕ 67 ಹತ್ತೂದು, ಅದು ಜಾಮೀನು ಸಿಗೂ ಅಪರಾಧ. ಇದನ್ನ ಯಾಕ ಹೇಳ್ತೇನಿ ಅಂದ್ರ, ಅವನ್ನ ಹಿಡದ ಮರುದಿನ ಹೊರಗ ಬಂದಾ, ಪೊಲೀಸ್ರು ರೊಕ್ಕ ತಿಂದ್ರು ಅಂತ ಓಣ್ಯಾಗ ಮಾತಾಡ್ತಾರ. ಹಂಗಲ್ರಿ, ಸೆಕ್ಷನ್ನ ಹಂಗ ಐತಿ, ಮೊದಲ ಗೊತ್ತಿದ್ರ ನಿಮಗ ಎದಿ ಒಡಿಯಂಗಿಲ್ಲ.

ಇನ್ನ 66ಇ. ಈ ಥರದ ಎಫ್‌ಐಆರಿನ್ಯಾಗ ಇದನ್ನ ಬರೇ ರೂಢಿಗೆ ಬರೀತಾರ, ಪ್ರೈವಸಿ ಅಂತ ಹೆಸರು ಐತಲ್ಲ ಅದಕ್ಕ. ಆದ್ರ ಆ ಸೆಕ್ಷನ್ ಓದಿ ನೋಡ್ರಿ, ಒಬ್ಬರ ಗುಪ್ತ ಅಂಗದ ಚಿತ್ರ ಅವರ ಒಪ್ಪಿಗೆ ಇಲ್ಲದ ತಗದ್ರ, ಹಂಚಿದ್ರ ಅಂತ ಐತಿ. ಇಲ್ಲಿ ನಿಮ್ಮ ತಂಗಿ ದೇಹನ ಆ ಫೋಟೋದಾಗ ಇಲ್ಲ! ಆರೋಪಿ ವಕೀಲ ಎದ್ದು ನಿಂತು, ಸ್ವಾಮಿ ಇವರ ಹೇಳಿಕಿ ಪ್ರಕಾರ ಈ ದೇಹ ಇವರದಲ್ಲ, ಮತ್ತ ಇವರ ಪ್ರೈವಸಿ ಎಲ್ಲಿ ಹೋತು ಅಂತ ಕೇಳ್ತಾನ. ನಾನ ಎದರು ಪಾರ್ಟಿ ವಕೀಲಿ ಆಗಿದ್ರ ನಾನೂ ಅದನ್ನ ಕೇಳ್ತಿದ್ನಿ. ಐಪಿಸಿ ಬದಲಿ ಬಂದ ಹೊಸಾ ಕಾಯ್ದೆ ಬಿಎನ್‌ಎಸ್, ಅದರಾಗ ಕದ್ದು ನೋಡೂದಕ್ಕ ಇರೂ 77ಕ್ಕೂ ಇದ ತೊಡಕು, ಅದೂ ಖರೇ ಕ್ಯಾಮೆರಾ ಹಿಡದ್ರ ಬರೂ ಕಲಮು. ಅದಕ್ಕ ಕಂಪ್ಲೇಂಟು ಬರೇ 66ಇ ಮ್ಯಾಲ ನಿಂತಿರಬಾರದು.

ಖೊಟ್ಟಿ ಅಂಬೂದ ಬಲ ಆಗೂದು ಬ್ಯಾರೆ ಕಡೆ, ಬಿಎನ್‌ಎಸ್ 336(4)ರಾಗ. ಒಬ್ಬರ ಮಾನ ಹಾಳು ಮಾಡಬೇಕಂತ ಖೊಟ್ಟಿ ದಾಖಲೆ ಅಥವಾ ಖೊಟ್ಟಿ ಎಲೆಕ್ಟ್ರಾನಿಕ್ ದಾಖಲೆ ತಯಾರು ಮಾಡಿದ್ರ ಮೂರು ವರ್ಷದ ತನಕ. ಹಳೇ ಐಪಿಸಿ ಒಳಗ ಇದು 469 ಇತ್ತು. 2023ರ ನವೆಂಬರಿನ್ಯಾಗ ನಮ್ಮ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೋ ಬಂತಲ್ರಿ, ಬ್ಯಾರೆ ಹೆಣ್ಮಗಳ ವಿಡಿಯೋಕ್ಕ ಇವರ ಮುಖ ಹಚ್ಚಿದ್ದು, ಅದ್ರಾಗ ದಿಲ್ಲಿ ಪೊಲೀಸ್ರು ಹಾಕಿದ ಕಲಮಿನ್ಯಾಗ ಈ 469 ಸೈತ ಇತ್ತು. ಮಾಡಿದಾಂವ ಆಂಧ್ರದಾಗ ಸಿಕ್ಕಿದ್ದು 2024ರ ಜನವರಿಯೊಳಗ. ಅಷ್ಟು ದೊಡ್ಡ ಹೆಸರು, ದೇಶಾನ ಮಾತಾಡಿದ ಕೇಸು, ಅದ್ಕ ಎರಡು ತಿಂಗಳು ಹಿಡೀತು, ಹಂಗಾಗಿ ನಿಮ್ಮದು ಎಂಟು ದಿನದಾಗ ಆಗ್ತೈತಿ ಅಂತ ನಾ ಹೇಳಂಗಿಲ್ಲ.

ಮತ್ತ ನಿಮ್ಮ ಕೇಸಿನ್ಯಾಗ ಎಲ್ಲಾಕ್ಕಿಂತ ಗಟ್ಟಿ ಇರೂದು ಫೋಟೋ ಅಲ್ಲ, ಕೆಳಗ ಬರದ ಆ ಒಂದು ಸಾಲು. "ಸಂಬಂಧ ಬಿಡ್ರಿ, ಇಲ್ಲಂದ್ರ ಹಂಚ್ತೇನಿ" ಅಂದ್ರ ಅದು ಧಮ್ಕಿ, ಬಿಎನ್‌ಎಸ್ 351. ಅದೂ ಹೆಣ್ಣಿನ ಶೀಲದ ಮ್ಯಾಲ ಕಳಂಕ ಹಚ್ತೇನಿ ಅಂಬೂ ಧಮ್ಕಿ ಆದ್ರ 351(3), ಏಳು ವರ್ಷದ ತನಕ ಹೋಗ್ತೈತಿ. ಹೆಸರು ಮುಚ್ಕೊಂಡು ಕಳಿಸಿದ್ದಕ್ಕ 351(4) ಅಂತ ಇನ್ನೂ ಎರಡು ವರ್ಷದ ತನಕ ಮ್ಯಾಲ ಸೇರ್ತೈತಿ. ಅದಕ್ಕ ಫೋಟೋ ನೋಡಾಕ ಆಗಂಗಿಲ್ಲಂತ ಗಂಡಿನ ಅಕ್ಕ ಆ ಸಾಲೂ ಸೇರಿ ಅಳಿಸಿಬಿಟ್ರ ನಿಮ್ಮ ದೊಡ್ಡ ಕಲಮು ಹೋತು ಅಂತ ತಿಳ್ಕೊರಿ.

ಹಂಗಂತ ಖೊಟ್ಟಿ ಅಂಬೂದನ್ನ ತೋರಸೂದ ಬ್ಯಾಡಂತಲ್ಲ. 336(4)ಕ್ಕ ಬೇಕು, ಬೀಗರಿಗೂ ಬೇಕು. ಹೆಂಗ ತೋರಸೂದು ಅಂಬೂದಕ್ಕ ಹಿಂದ ನನ್ನ ಕಡೆ ಬಂದಿದ್ದೊಂದು ಕೇಸ್ ಹೇಳ್ತೇನಿ, ಗುರ್ತು ಸಿಗೂದೆಲ್ಲಾ ಬಿಟ್ಟು ಹೇಳ್ತೇನಿ. ನರ್ಸಿಂಗ್ ಓದೂ ಹುಡುಗಿ, ಇಂಥಾದ ಫೋಟೋ. ಅಪ್ಪ, ಅಣ್ಣ, ಕಾಕಾ ಎಲ್ಲಾರೂ ನವನಗರದ ನನ್ನ ಆಫೀಸಿನ್ಯಾಗ ಕುಂತು ಒಂದ ಹುಡುಗನ ಹೆಸರು ಹೇಳಾಕತ್ತಿದ್ರು, ಅಕಿ ಹಿಂದ ಸ್ವಲ್ಪ ದಿನ ಅಡ್ಡಾಡಿದಾಂವ. ನಾ ಆ ಗಂಡಸ್ರನ್ನೆಲ್ಲಾ ಚಾ ಕುಡದು ಬರ್ರಿ ಅಂತ ಹೊರಗ ಕಳಿಸಿ, ಹುಡುಗಿನಷ್ಟ ಕುಂದ್ರಿಸ್ಕೊಂಡು ಅಕಿ ಫೋನಿನ್ಯಾಗಿನ ಒಂದು ವರ್ಷದ ಫೋಟೋ ಎಲ್ಲಾ ನೋಡಕೋಂತ ಹೋದ್ನಿ. ಖೊಟ್ಟಿ ಫೋಟೋದಾಗ ಮುಖ ಸ್ವಲ್ಪ ಎಡಕ್ಕ ವಾಲಿತ್ತು, ಒಂದ ಕಿವಿ ಝುಮಕಿ ಕಾಣ್ತಿತ್ತು, ಹಣಿ ಮ್ಯಾಲ ಒಂದು ಕೂದಲ ಎಳಿ. ಮತ್ತ ಕೊಳ್ಳಿನ ಬುಡಕ, ಸರದ ಕೆಳಗ, ಕೆಂಪು ಬಣ್ಣದ್ದೊಂದು ಸಣ್ಣ ಗೆರಿ, ನೆರಳಿನಂಗ. ನಾವು ಮೊದಲ ಅದು ಫೋಟೋದಾಗಿನ ಕಲೆ ಅಂತ ತಿಳ್ಕೊಂಡಿದ್ವಿ.

ಅಕಿನ ಗುರ್ತು ಹಿಡದ್ಲು. "ಅಕ್ಕಾರ, ಇದು ನನ್ನ ಖಣದ ಕುಬಸ" ಅಂದ್ಲು. ಗುಳೇದಗುಡ್ಡ ಖಣದ್ದು, ಚಿಕ್ಕಮ್ಮನ ಮಗಳ ಕುಬಸದ ಕಾರ್ಯಕ್ರಮಕ್ಕ ಹಾಕ್ಕೊಂಡಿದ್ದು. ಸಾಫ್ಟ್‌ವೇರು ಬಟ್ಟಿ ಎಲ್ಲಾ ಅಳಿಸಿ ಮೈ ಚಿತ್ರ ತುಂಬಿತ್ತು, ಆದ್ರ ಸರ ಮತ್ತ ಕುಬಸದ ಅಂಚು ಕೂಡೂ ಕಡೆ ಅದಕ್ಕ ಯಾವುದು ಚರ್ಮ ಯಾವುದು ಬಟ್ಟಿ ತಿಳೀದ ಒಂದು ಎಳಿ ಖಣ ಹಂಗ ಬಿಟ್ಟಿತ್ತು. ಮೂಲ ಫೋಟೋ ತಗದು ಬಾಜೂಕ ಇಟ್ವಿ, ಅದ ವಾಲಿದ ಮುಖ, ಅದ ಝುಮಕಿ, ಅದ ಕೂದಲ ಎಳಿ, ಇಂಚೂ ಹೆಚ್ಚು ಕಡಿಮಿ ಇಲ್ಲ. ಒಬ್ಬ ಮನುಷ್ಯಾಗ ಎರಡು ಸಲ ಫೋಟೋ ತಗದ್ರ ಕೂದಲಿನ ಎಳಿ ಅದ ಜಾಗದಾಗ ಬಂದು ಕುಂದ್ರಂಗಿಲ್ಲಲ್ರಿ. ಇದನ್ನ ತಿಳ್ಕೊಳ್ಳಾಕ ಯಾವ ಲ್ಯಾಬ್ ರಿಪೋರ್ಟೂ ಬೇಕಾಗಂಗಿಲ್ಲ, ಎರಡು ಪ್ರಿಂಟ್ ಬಾಜೂ ಬಾಜೂ ಇಟ್ರ ಅಕ್ಷರ ಬರದ ಅಜ್ಜಿನೂ ತಿಳ್ಕೋತಾಳ. ಖೊಟ್ಟಿದನ್ನ ಕುತ್ತಿಗಿ ಮ್ಯಾಲಷ್ಟ ಕಾಣಂಗ ಮುಚ್ಚಿ ಪ್ರಿಂಟ್ ಹಾಕಿದ್ವಿ ಮತ್ತ.

ಆಮ್ಯಾಲ ಇನ್ನೊಂದು ಪ್ರಶ್ನೆ, ಆ ಮೂಲ ಫೋಟೋ ಎಲ್ಲೆಲ್ಲಿ ಹೋಗಿತ್ತು. ಡಿಪಿ ಇಟ್ಟಿರ್ಲಿಲ್ಲ, ಸ್ಟೇಟಸ್ ಹಾಕಿರ್ಲಿಲ್ಲ, ಇನ್‌ಸ್ಟಾದಾಗ ಇರ್ಲಿಲ್ಲ. ಬರೇ ಮನಿತನದ ವಾಟ್ಸಾಪ್ ಗ್ರೂಪಿನ್ಯಾಗ ಇತ್ತು, 31 ಮಂದಿ. ಹೊರಗ ಚಾ ಕುಡ್ಯಾಕತ್ತಿದ್ದ ಗಂಡಸ್ರು ಹೆಸರು ಹೇಳಿದ ಆ ಹುಡುಗ ಆ ಗ್ರೂಪಿನ್ಯಾಗ ಇರ್ಲೇ ಇಲ್ಲ. ಇದನ್ನ ಕೇಳಿ ಅವರ ಕಾಕಾನ ಮುಖ ಬಿಳಿ ಆತು, ಯಾಕಂದ್ರ ಅವತ್ತ ಸಂಜಿಕ್ಕ ಅವನ್ನ ಹಿಡದು ಬಡಿಯೂದಂತ ಮಾತಾಗಿತ್ತು. ಮುಂದ ಪೊಲೀಸ್ರು ಹಿಡದಿದ್ದು ಐಎಂಇಐ ನಂಬರಿನಿಂದ, ಅಂದ್ರ ಹ್ಯಾಂಡ್‌ಸೆಟ್ಟಿಗೆ ಇರೂ ಗುರುತಿನ ನಂಬರಿನಿಂದ. ಆ ಹೊಸಾ ಸಿಮ್ಮು ಯಾರದೋ ಹೆಸರ್ಲೆ ಇತ್ತು, ಆದ್ರ ಅದನ್ನ ಹಾಕಿದ ಹ್ಯಾಂಡ್‌ಸೆಟ್ಟಿನ್ಯಾಗ ಹಿಂದ ಓಡಿದ್ದ ಇನ್ನೊಂದು ಸಿಮ್ಮು ಬಂಧುಬಳಗದಾಗಿನ ಒಬ್ಬಂದ ಇತ್ತು. ಚಾರ್ಜ್‌ಶೀಟ್ ಆಗೈತಿ, ಕೇಸ್ ಇನ್ನೂ ನಡದೈತಿ.

ಹಂಗಾಗಿ ನಿಮ್ಮ ಓಣಿ ಹುಡುಗನ ವಿಷಯ. ಡೌಟ್ ಇದ್ರ ಕಂಪ್ಲೇಂಟಿನ್ಯಾಗ ಸಂಶಯ ಐತಿ ಅಂತ, ಯಾಕ ಸಂಶಯ ಅಂತ ಬರೀರಿ, ಅವನ ಮಾಡ್ಯಾನ ಅಂತ ಬರೀಬ್ಯಾಡ್ರಿ. ಕೈ ಅಂತೂ ಹಚ್ಚಬ್ಯಾಡ್ರಿ. ಒಂದು ಏಟು ಬಿತ್ತಂದ್ರ ಅವನ ಕಡ್ಯಾವ್ರು ಕೌಂಟರ್ ಕೇಸ್ ಮಾಡ್ತಾರ, ಆಮ್ಯಾಲ ನೀವೂ ಆರೋಪಿ ಅವನೂ ಆರೋಪಿ, ನೀವೂ ಕೇಸ್ ವಾಪಸ್ ತಗೋರಿ ಅವರೂ ತಗೋತಾರ ಅಂತ ಮಾತು ಅಲ್ಲಿಗೆ ಬಂದು ನಿಲ್ತೈತಿ. ಖರೇ ಮಾಡಿದಾಂವ ಬ್ಯಾರೆ ಇದ್ರ ಅಷ್ಟರಾಗ ಫೋನ್ ಫಾರ್ಮ್ಯಾಟ್ ಮಾಡಿರ್ತಾನ.

ಇನ್‌ಸ್ಟಾ ಐಡಿ ತಗಸೂದು ಬ್ಯಾರೆ ಕೆಲಸ, ಕಂಪ್ಲೇಂಟಿಗೆ ಕಾಯಬ್ಯಾಡ್ರಿ. ಆದ್ರ ರಿಪೋರ್ಟ್ ಒತ್ತೂಕಿಂತ ಮೊದಲ ಆ ಪ್ರೊಫೈಲಿನ ಲಿಂಕು, ಪೋಸ್ಟಿನ ಲಿಂಕು, ಯಾರ್ಯಾರು ಫಾಲೋ ಮಾಡ್ಯಾರ ಅಂಬೂದು ಎಲ್ಲಾ ವಿಡಿಯೋ ಮಾಡಿ ಇಟ್ಕೊರಿ, ಯೂಸರ್‌ನೇಮ್ ಅವ ಒಂದು ನಿಮಿಷದಾಗ ಬದಲಿ ಮಾಡ್ತಾನ. ಆಮ್ಯಾಲ ನಿಮ್ಮ ತಂಗಿನ, ಅಥವಾ ಅಕಿ ಪರವಾಗಿ ನೀವ, ಆ್ಯಪಿನ್ಯಾಗ ರಿಪೋರ್ಟ್ ಮಾಡ್ರಿ, ದೂರು ನೋಡಾಕ ಕಂಪನಿ ಇಟ್ಟಿರೂ ಗ್ರೀವನ್ಸ್ ಆಫೀಸರಿಗೂ ಬರೀರಿ. 2021ರ ಐಟಿ ರೂಲ್ಸಿನ್ಯಾಗ ರೂಲ್ 3(2)(ಬಿ) ಅಂತ ಐತಿ, ಬತ್ತಲೆ ಇರೂ ಚಿತ್ರ, ಮಾರ್ಫ್ ಮಾಡಿದ್ದೂ ಸೇರಿ, ಅದರಾಗ ಇರೂ ವ್ಯಕ್ತಿನ ಕಂಪ್ಲೇಂಟ್ ಕೊಟ್ರ 24 ತಾಸಿನ್ಯಾಗ ತಗಿಬೇಕು ಅಂತಿತ್ತು. 2026ರ ಫೆಬ್ರವರಿ ತಿದ್ದುಪಡಿಯೊಳಗ ಅದನ್ನ ಎರಡು ತಾಸಿಗೆ ಇಳಿಸ್ಯಾರ. ರೂಲ್ ನಂಬರ್ ಹಾಕಿ ಬರೀರಿ. ಹಂಗ ತಗದ ಮ್ಯಾಲೂ ಕಂಪನಿ ಅದರ ಮಾಹಿತಿ 180 ದಿನ ಇಟ್ಕೋಬೇಕು, ಪೊಲೀಸ್ರು ಕೇಳೂದು ಅದನ್ನ. ಮದುವಿ ಮುಗೀಲಿ ಆಮ್ಯಾಲ ಕೇಸ್ ಮಾಡೂಣು ಅಂತ ಆರು ತಿಂಗಳು ದಾಟಿಸಿದ್ರ ಅವರ ಕಡೆನೂ ಏನೂ ಉಳಿದಿರಲಿಕ್ಕಿಲ್ಲ.

ಮುಂದ ಮತ್ತ ಬರದಂಗ StopNCII.org ಅಂತ ಒಂದು ಸೈಟ್ ಐತಿ, 18 ದಾಟಿದವ್ರಿಗೆ. ಅಲ್ಲಿ ಫೋಟೋ ಅಪ್‌ಲೋಡ್ ಆಗಂಗಿಲ್ಲ, ಫೋನಿನ್ಯಾಗ ಅದರದ್ದೊಂದು ಹ್ಯಾಶ್, ಅಂದ್ರ ಆ ಚಿತ್ರದಿಂದ ತಗದ ಒಂದು ಉದ್ದ ನಂಬರು, ತಯಾರಾಗಿ ಅದಷ್ಟ ಹೋಗ್ತೈತಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥಾ ಕಂಪನಿಗೋಳು ಆ ನಂಬರಿಗೆ ಹೊಂದೂ ಚಿತ್ರ ಬಂದ್ರ ತಡೀತಾವ. ಎಐ ಫೋಟೋಕ್ಕೂ ನಡೀತೈತಿ. ಆದ್ರ ವಾಟ್ಸಾಪ್ ಚಾಟಿನ ಒಳಗ ಅದು ನೋಡಾಕ ಬರೂದಿಲ್ಲ, ಫೋಟೋ ಭಾಳ ಕತ್ತರಿಸಿ ಬದಲಿ ಮಾಡಿದ್ರೂ ಸಿಗೂದು ಕಷ್ಟ. ಒಮ್ಮೆ ವಾಟ್ಸಾಪ್ ಗ್ರೂಪಿಗೆ ಬಿತ್ತಂದ್ರ ಅದನ್ನ ವಾಪಸ್ ತಗೊಳ್ಳೂ ಮಷೀನು ಯಾರ ಕಡೆನೂ ಇಲ್ರಿ, ಇದನ್ನ ನಾ ಸಕ್ರಿ ಹಚ್ಚಿ ಹೇಳಂಗಿಲ್ಲ.

ಸ್ಟೇಷನ್ನಿನ ವಿಷಯ. ಜಿಲ್ಲಾಕ್ಕೊಂದು ಸೈಬರ್ ಠಾಣೆ ಐತಿ, ಸಿಇಎನ್ ಅಂತ ಕರಿತಿದ್ರಲ್ಲ ಅದು, ಅಲ್ಲಿಗೆ ಹೋಗ್ರಿ, ಇಲ್ಲಾ ನಿಮ್ಮ ಊರ ಠಾಣೆಗೆ ಕೊಟ್ರೂ ತಗೋಬೇಕು. ಐಟಿ ಕಾಯ್ದೆ ಕೇಸ್ ತನಿಖೆ ಮಾಡೂದು ಇನ್‌ಸ್ಪೆಕ್ಟರ್ ಅಥವಾ ಅವರಕ್ಕಿಂತ ಮ್ಯಾಲಿನಾವ್ರು, ಪಿಎಸ್‌ಐ ಅಲ್ಲ. 1930ಕ್ಕ ಫೋನ್ ಮಾಡಬೇಕೇನು ಅಂತ ಭಾಳ ಮಂದಿ ಕೇಳ್ತಾರ, ಅದು ಮುಖ್ಯವಾಗಿ ರೊಕ್ಕ ಹೋದಾಗಿನ ನಂಬರು. ಇಂಥಾದ್ದಕ್ಕ cybercrime.gov.in ಒಳಗ ಮಹಿಳೆ ಮತ್ತ ಮಕ್ಕಳದ್ದು ಬ್ಯಾರೆ ಭಾಗ ಐತಿ. ಹೆಸರು ಹೇಳದೂ ಕೊಡಾಕ ಬರ್ತೈತಿ, ಆದ್ರ ಕೇಸ್ ಮುಂದ ನಡೀಬೇಕಂದ್ರ ಹೆಸರು ಹಾಕಿ ಟ್ರ್ಯಾಕ್ ಮಾಡೂದನ್ನ ಆರಿಸ್ಕೊರಿ. ಕಂಪ್ಲೇಂಟಿನ್ಯಾಗ ಬಿಎನ್‌ಎಸ್ 79, ಅಂದ್ರ ಹೆಣ್ಣಿನ ಮಾನಕ್ಕ ಧಕ್ಕೆ ಮತ್ತ ಅಕಿ ಖಾಸಗಿತನದಾಗ ನುಗ್ಗೂದು, ಅದನ್ನೂ ಕೇಳ್ರಿ. ಅದನ್ನ ಹಾಕಿದ್ರ ನಿಮ್ಮ ತಂಗಿ ಹೇಳಿಕಿ ಮಹಿಳಾ ಅಧಿಕಾರಿನ ಬರ್ಕೋಬೇಕು ಅಂತ ಕೇಸ್ ನಡಸೂ ರೀತಿ ಹೇಳೂ ಕಾಯ್ದೆ ಬಿಎನ್‌ಎಸ್‌ಎಸ್, ಅದರ 173ರಾಗ ಐತಿ. ಒಂದು ಠಾಣೆಯೊಳಗ ನನ್ನ ಕಣ್ಣೆದುರ ನಾಲ್ಕು ಮಂದಿ ಗಂಡಸ್ರು ಆ ಫೋಟೋನ ಕೈಯಿಂದ ಕೈಗೆ ದಾಟಿಸಿ ನೋಡಿದ್ದು ನಾ ಮರ್ತಿಲ್ಲ, ಅದಕ್ಕ ಹೇಳಾಕತ್ತೇನಿ. ಫೋಟೋ ಪೆನ್‌ಡ್ರೈವಿನ್ಯಾಗ ಹಾಕಿ ಲಕೋಟಿಯೊಳಗ ಸೀಲ್ ಮಾಡಿ ತನಿಖಾಧಿಕಾರಿ ಕೈಯಾಗ ಕೊಡ್ರಿ. ಅದರ ಜೋಡಿ ಸಾಕ್ಷಿ ಕಾಯ್ದೆ, ಈಗಿನ ಬಿಎಸ್‌ಎ, ಅದರ 63ರ ಸರ್ಟಿಫಿಕೇಟ್ ಬೇಕು. ಎರಡು ಭಾಗ ಇರ್ತಾವ, ಒಂದಕ್ಕ ಫೋನ್ ಇದ್ದವ್ರು ಅಂದ್ರ ಗಂಡಿನ ಅಕ್ಕ ಸಹಿ ಮಾಡಬೇಕು, ಇನ್ನೊಂದಕ್ಕ ತಜ್ಞರು. ಫೈಲಿನ ಹ್ಯಾಶ್ ನಂಬರು ಅದರಾಗ ಬರೀತಾರ, ಮುಂದ ಕೋರ್ಟಿನ್ಯಾಗ ಫೈಲ್ ಬದಲಾತು ಅನ್ನಾಕ ಬರಬಾರದಂತ. ಎಫ್‌ಐಆರ್ ಮಾಡ್ಕೊಳ್ಳಲಿಲ್ಲಂದ್ರ ಎಸ್‌ಪಿಗೆ ಸ್ಪೀಡ್ ಪೋಸ್ಟಿನಿಂದ ಕಳಿಸ್ರಿ, ಅದಕ್ಕೂ ಆಗಲಿಲ್ಲಂದ್ರ ಮ್ಯಾಜಿಸ್ಟ್ರೇಟ್ ಕಡೆ ಹೋಗಾಕ ಬರ್ತೈತಿ.

ಹಿರ್ಯಾರು ಕುಂತು ಬಗಿಹರಿಸೂದು ಅಂದ್ರಲ್ಲ. ಹಿರ್ಯಾರಿಗೆ ಕೆಟ್ಟ ಮನಸ್ಸಿರಂಗಿಲ್ಲ, ಹುಡುಗಿ ಹೆಸರು ಕಾಗದದ ಮ್ಯಾಲ ಬರಬಾರದಂತ ಅವರ ಚಿಂತಿ. ಆದ್ರ ಆ ರಾಜಿಯೊಳಗ ಆಗೂದೇನು, ಅವ ಎಲ್ಲಾರ ಮುಂದ ಫೋನ್ ತಗದು ಡಿಲೀಟ್ ಮಾಡಿ ತೋರಸ್ತಾನ, ಕಾಲಿಗೆ ಬೀಳ್ತಾನ, ಅಲ್ಲಿಗೆ ಮುಗೀತು. ಡಿಲೀಟ್ ಆಗಿದ್ದು ನಿಮ್ಮ ಪುರಾವೆ. ಅವನ ಗೂಗಲ್ ಡ್ರೈವಿನ್ಯಾಗ ಬ್ಯಾಕಪ್ ಇದ್ದಲ್ಲೇ ಇರ್ತೈತಿ. ಮುಂದ ಮದುವಿಯಾಗಿ ಎರಡು ವರ್ಷಕ್ಕ ಅದ ಫೋಟೋ ಮತ್ತ ಬಂತಂದ್ರ ಆವಾಗ ಯಾಕ ಸುಮ್ಮ ಕುಂತಿದ್ರಿ ಅಂತ ನಿಮ್ಮನ್ನ ಕೇಳ್ತಾರ. ಎಫ್‌ಐಆರ್ ಆದ ಮ್ಯಾಲ ರಾಜಿ ಮಾಡ್ಕೊಂಡ್ರಾತು ಅಂಬೂದೂ ಸರಳ ಇಲ್ಲ, ಐಟಿ ಕಾಯ್ದೆ 77ಎ ಪ್ರಕಾರ ಹೆಣ್ಣಿನ ಮ್ಯಾಲ ಆದ ಅಪರಾಧಕ್ಕ ಕೋರ್ಟ್ ರಾಜಿ ಒಪ್ಪಂಗಿಲ್ಲ. ಹಿರ್ಯಾರನ್ನ ಬಿಡಬ್ಯಾಡ್ರಿ, ಅವರಿಗೆ ಬ್ಯಾರೆ ಕೆಲಸ ಕೊಡ್ರಿ. ಬೀಗರ ಮನಿಗೆ ಅವರ ಹೋಗ್ಲಿ, ಕೈಯಾಗ ಆ ನರ್ಸಿಂಗ್ ಹುಡುಗಿ ಕೇಸಿನ್ಯಾಗ ಮಾಡಿದಂಥಾ ಎರಡು ಪ್ರಿಂಟು ಮತ್ತ ಎಫ್‌ಐಆರಿನ ಕಾಪಿ ಇರ್ಲಿ. ನಮ್ಮ ಮಗಳು ಅಂಥಾಕಿ ಅಲ್ರಿ ಅಂತ ಕೈ ಮುಗದು ನಿಲ್ಲೂ ಬದಲಿ ನಾವು ಕೇಸ್ ಮಾಡೇವಿ, ನಿಮ್ಮ ಮಗಳು ಮೊದಲನೇ ಸಾಕ್ಷಿ ಅದಾಳ ಅಂತ ಹೇಳ್ಲಿ. ಹಿಂಗ ಹೇಳಿದಾಗ ಗಂಡಿನ ಕಡ್ಯಾವ್ರು ಇವರ ಜೋಡಿ ಸ್ಟೇಷನ್ನಿಗೆ ಬಂದಿದ್ದು ನೋಡೇನಿ, ಹಂಗ ಹೇಳಿದ್ರೂ ಸಂಬಂಧ ಮುರದಿದ್ದೂ ನೋಡೇನಿ. ಮುರದ್ರ ಅದು ನಿಮ್ಮ ಕೈಯಾಗಿಲ್ಲ.

ಕಡೀಕ ಒಂದು ಮಾತು ಕೇಳಬೇಕು. ಇಷ್ಟು ಬರದೀರಿ, ಹಿರ್ಯಾರು ಏನಂತಾರ ಬರದೀರಿ, ನಿಮಗ ಯಾರ ಮ್ಯಾಲ ಡೌಟ್ ಬರದೀರಿ, ತಂಗಿ ಏನಂತಾಳ ಅಂಬೂದು ಒಂದು ಅಕ್ಷರ ಇಲ್ಲಲ್ರಿ. ಕಂಪ್ಲೇಂಟಿಗೆ ಸಹಿ ಮಾಡೂದು ಅಕಿ, ಹೇಳಿಕಿ ಕೊಡೂದು ಅಕಿ, ಮುಂದ ಎರಡು ಮೂರು ವರ್ಷಕ್ಕ ಕಟಕಟೆಯೊಳಗ ನಿಂತು ಉತ್ತರ ಹೇಳೂದೂ ಅಕಿನ. ಮೂಲ ಫೋಟೋ ಯಾವ್ದು, ಯಾವತ್ತಿಂದು, ಯಾರ್ಯಾರಿಗೆ ಕಳಿಸಿದ್ಲು ಅಂಬೂದು ಅಕಿಗಷ್ಟ ಗೊತ್ತಿರ್ತೈತಿ. ಇಂಥಾದಾದ್ರ ನಮ್ಮ ಕಡೆ ಮನ್ಯಾಗ ಮೊದಲ ಮಾಡೂದು ಹುಡುಗಿ ಫೋನ್ ಕಸ್ಕೊಳ್ಳೂದು, ಅದರಾಗಿಂದು ಎಲ್ಲಾ ಅಳಿಸೂದು. ನೀವೂ ಕಸ್ಕೊಂಡಿದ್ರ ಇವತ್ತ ವಾಪಸ್ ಕೊಡ್ರಿ, ಏನೂ ಅಳಿಸದ ಹಂಗ ಕೊಡ್ರಿ, ಆಮ್ಯಾಲ ಅಕಿನ್ನ ಕರ್ಕೊಂಡು ಬರ್ರಿ.